ಉದ್ದ ವಾಕ್ಯ ಒಡೆಯೋಣ, ಇಮೇಲ್ ತುಂಡಾಗದಿರಲಿ
(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ಮಾಡಿದ ಮಾತಿನ ಬರಹರೂಪ)



ನನ್ನ ಕೆಲಸ ಐಟಿಯಲ್ಲಿ. ದಿನದ ಅರ್ಧ ಹೊತ್ತು ಇಮೇಲ್ ಓದುವುದು, ಬರೆಯುವುದರಲ್ಲೇ ಹೋಗುತ್ತದೆ. ಆದರೆ ಇವತ್ತು ಆಫೀಸಿನ ಮಾತು ಬೇಡ. ಕಾಮೋಠೆಯಲ್ಲಿ ಇರುವ ನಮಗೆಲ್ಲ ಒಂದಲ್ಲ ಒಂದು ದಿನ ಸೊಸೈಟಿಯ ಸೆಕ್ರೆಟರಿಗೆ ಇಮೇಲ್ ಬರೆಯುವ ಪ್ರಸಂಗ ಬರುತ್ತದೆ. ಅಂಥ ಒಂದು ಇಮೇಲನ್ನೇ ತೆಗೆದುಕೊಳ್ಳೋಣ. ನಾವು ಅದನ್ನು ಇಂಗ್ಲಿಷಿನಲ್ಲಿ ಬರೆಯುತ್ತೇವೆ, ನಿಜ. ಉದಾಹರಣೆಗಾಗಿ ಕನ್ನಡದಲ್ಲಿ ಕೊಡುತ್ತೇನೆ, ಕೇಳಿ.

“ನಮ್ಮ ಮೇಲಿನ 402ನೇ ಫ್ಲ್ಯಾಟಿನ ಸಿಂಕಿನ ಪೈಪಿನಿಂದ ಮೂರು ವಾರಗಳಿಂದ ನೀರು ಸೋರಿ ನಮ್ಮ ಅಡುಗೆಮನೆಯ ಚಾವಣಿ ಒದ್ದೆಯಾಗಿ ಪ್ಲಾಸ್ಟರ್ ಉದುರಲು ಶುರುವಾಗಿದ್ದು, ಈ ಬಗ್ಗೆ ಅವರಿಗೆ ಎರಡು ಸಲ ಹೇಳಿದಾಗ ಪ್ಲಂಬರನ್ನು ಕರೆಸುತ್ತೇವೆ ಎಂದು ಹೇಳಿ ಕರೆಸದೇ ಇದ್ದುದರಿಂದ ಹಾಗೂ ಈಗ ನೀರು ಸ್ವಿಚ್‌ಬೋರ್ಡಿನ ಹತ್ತಿರ ಇಳಿಯುತ್ತಿದ್ದು ಅಪಾಯವಾಗುವ ಸಾಧ್ಯತೆ ಇರುವುದರಿಂದ ತಾವು ಈ ಶನಿವಾರದೊಳಗೆ ಸೊಸೈಟಿಯ ಪ್ಲಂಬರನ್ನು ಕಳಿಸಿ ಪರಿಶೀಲಿಸಿ ದುರಸ್ತಿ ಮಾಡಿಸಬೇಕೆಂದು ಕೋರುತ್ತೇನೆ.”

ಇದರಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ 48 ಪದಗಳ ಒಂದೇ ವಾಕ್ಯ. ನಮಗೆ ಬೇಕಾದದ್ದು ಪ್ಲಂಬರ್, ಶನಿವಾರದೊಳಗೆ. ಅದು ಬರುವುದು ಕೊನೆಯ ಹತ್ತು ಪದಗಳಲ್ಲಿ. ಹಾರ್ಬರ್ ಲೈನಿನ ಲೋಕಲ್‌ನಲ್ಲಿ ನಿಂತು ಮೊಬೈಲಿನಲ್ಲಿ ಓದುವ ಸೆಕ್ರೆಟರಿ ಅಲ್ಲಿಯವರೆಗೆ ಹೋಗುವ ಹೊತ್ತಿಗೆ ಸ್ಟೇಷನ್ ಬಂದಿರುತ್ತದೆ. “ಆಮೇಲೆ ನೋಡೋಣ” ಎಂದು ಮುಚ್ಚಿಡುತ್ತಾರೆ. ನೀರು ಮಾತ್ರ ಕಾಯುವುದಿಲ್ಲ.

ಇಂಥ ವಾಕ್ಯ ನಮ್ಮ ಕೈಯಿಂದ ಯಾಕೆ ಬರುತ್ತದೆ? ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದಕ್ಕೆ ಮೊದಲು “ಸೋರಿ, ಒದ್ದೆಯಾಗಿ, ಹೇಳಿ” ಎಂದು ಎಷ್ಟು ಬೇಕಾದರೂ ಪೋಣಿಸಬಹುದು. ಬಾಯಿಮಾತಿನಲ್ಲಿ ಅದು ಚೆಂದ, ದನಿಯ ಏರಿಳಿತ ಕೇಳುವವರಿಗೆ ದಾರಿ ತೋರಿಸುತ್ತದೆ. ಇಮೇಲಿಗೆ ದನಿ ಇಲ್ಲ.

ಸರಿ, ಒಡೆದುಬಿಡೋಣ ಎಂದು ಕತ್ತರಿ ಆಡಿಸಿದರೆ ಹೀಗಾಗುತ್ತದೆ:

“ನಮ್ಮ ಚಾವಣಿ ಸೋರುತ್ತಿದೆ. ಮೂರು ವಾರ ಆಯಿತು. ಪ್ಲಾಸ್ಟರ್ ಉದುರುತ್ತಿದೆ. ನಾನು 402ರವರಿಗೆ ಹೇಳಿದೆ. ನಾನು ಎರಡು ಸಲ ಹೇಳಿದೆ. ಅವರು ಪ್ಲಂಬರನ್ನು ಕರೆಸಲಿಲ್ಲ. ನೀರು ಸ್ವಿಚ್‌ಬೋರ್ಡಿನ ಹತ್ತಿರ ಇದೆ. ಅಪಾಯ ಇದೆ. ಪ್ಲಂಬರನ್ನು ಕಳಿಸಿ.”

ಇದು ಹಳೆಯ ಕಾಲದ ಟೆಲಿಗ್ರಾಂ. ಓದಿದವರಿಗೆ ಬೈದ ಹಾಗೂ ಕೇಳಿಸುತ್ತದೆ. ಇಲ್ಲಿ ಕಳೆದುಹೋದದ್ದೇನು? ಉದ್ದ ವಾಕ್ಯದಲ್ಲಿ “ಹೇಳಿದಾಗ”, “ಇರುವುದರಿಂದ” ಎಂಬ ಪದಗಳಿದ್ದವು. ಯಾವುದಕ್ಕೆ ಯಾವುದು ಕಾರಣ, ಯಾವುದರ ನಂತರ ಯಾವುದು ಎಂದು ಹೇಳುತ್ತಿದ್ದದ್ದು ಅವೇ. ವಾಕ್ಯ ಕತ್ತರಿಸಿದಾಗ ಆ ಸಂಬಂಧವೂ ಕತ್ತರಿಸಿಹೋಯಿತು. ಹಾಗಾಗಿ ಉದ್ದ ವಾಕ್ಯ ಒಡೆಯುವುದೆಂದರೆ ಪೂರ್ಣವಿರಾಮ ಹಾಕುವುದಷ್ಟೇ ಅಲ್ಲ. ಕಳೆದ ಕೊಂಡಿಯನ್ನು ಬೇರೆ ಕಡೆ ಮತ್ತೆ ಹಾಕಬೇಕು.

ಮೊದಲು, ಎಲ್ಲಿ ಕತ್ತರಿಸುವುದು? ಸುಲಭದ ಗುರುತು “ಇದ್ದು, ಆಗಿದ್ದು”. ಇದು ಸರ್ಕಾರಿ ಪತ್ರ, ಪೇಪರ್ ಓದಿ ನಮಗೆ ಅಂಟಿಕೊಂಡ ಅಭ್ಯಾಸ. “ಶುರುವಾಗಿದ್ದು” ಎಂದು ಬಂದಲ್ಲಿ “ಶುರುವಾಗಿದೆ” ಎಂದು ಮಾಡಿ ನಿಲ್ಲಿಸಿ. ಇಂಗ್ಲಿಷಿನಲ್ಲಿ ಇದರ ತಂಗಿ “ಡ್ಯೂ ಟು ವಿಚ್”, ಅಲ್ಲೂ ನಿಲ್ಲಿಸಬಹುದು. ಇನ್ನೊಂದು ಗುರುತು, “ಯಾರು?” ಎಂದು ಕೇಳಿಕೊಳ್ಳುವುದು. ಸೋರಿದ್ದು ನೀರು, ಹೇಳಿದ್ದು ನಾನು, ಕರೆಸದೇ ಇದ್ದದ್ದು ಅವರು, ಕಳಿಸಬೇಕಾದದ್ದು ಸೆಕ್ರೆಟರಿ. ಕರ್ತೃ ಬದಲಾದ ಕಡೆ ಕತ್ತರಿಸಲು ಜಾಗ ಇರುತ್ತದೆ.

ಆದರೆ ಎಲ್ಲ ಕಡೆಯೂ ಕತ್ತರಿಸಬೇಡಿ. “ನೀರು ಸೋರಿ ಚಾವಣಿ ಒದ್ದೆಯಾಗಿದೆ” ಎಂಬಲ್ಲಿ ಕರ್ತೃ ಬದಲಾಗಿದ್ದರೂ ಕಾರಣ, ಪರಿಣಾಮ ಬೆನ್ನುಬೆನ್ನಿಗೆ ಇವೆ. ಅವನ್ನು ಒಟ್ಟಿಗೇ ಬಿಡುವುದು ಒಳ್ಳೆಯದು.

ಈಗ ಕೊಂಡಿ. ಹಿಂದಿನ ವಾಕ್ಯದಲ್ಲಿ ಬಂದ ಒಂದು ವಿಷಯವನ್ನು ಹಿಡಿದು ಮುಂದಿನ ವಾಕ್ಯ ಶುರು ಮಾಡಿದರೆ ಎರಡೂ ತಾವಾಗಿ ಕೂಡಿಕೊಳ್ಳುತ್ತವೆ. ನಮ್ಮ ವಚನಗಳನ್ನು ನೆನಪಿಸಿಕೊಳ್ಳಿ. ಬಹಳಷ್ಟು ಕಡೆ ವಾಕ್ಯಗಳು ಚಿಕ್ಕವು, ಆದರೂ ಒಡೆದಂತೆ ಅನಿಸುವುದಿಲ್ಲ. ಒಂದು ಪದವೋ ಒಂದು ರೀತಿಯೋ ಮತ್ತೆ ಮತ್ತೆ ಬಂದು ಸಾಲುಗಳನ್ನು ಹಿಡಿದಿಡುತ್ತದೆ. ಇಮೇಲಿಗೆ ಅಷ್ಟು ಬೇಡ. “ಅಲ್ಲಿನ”, “ಆ ಮನೆಯವರು” ಎಂಬ ಸಣ್ಣ ಪದಗಳೇ ಸಾಕು.

ಈಗ ಅದೇ ಇಮೇಲ್:

“ನಮಸ್ಕಾರ. ಈ ಶನಿವಾರದೊಳಗೆ ಸೊಸೈಟಿಯ ಪ್ಲಂಬರನ್ನು 402ನೇ ಫ್ಲ್ಯಾಟಿಗೆ ಕಳಿಸಬೇಕೆಂದು ಕೋರುತ್ತೇನೆ. ಅಲ್ಲಿನ ಸಿಂಕಿನ ಪೈಪಿನಿಂದ ಮೂರು ವಾರಗಳಿಂದ ನೀರು ಸೋರಿ, ಕೆಳಗಿರುವ ನಮ್ಮ ಅಡುಗೆಮನೆಯ ಚಾವಣಿ ಒದ್ದೆಯಾಗಿದೆ. ಪ್ಲಾಸ್ಟರ್ ಕೂಡ ಉದುರುತ್ತಿದೆ. ಆ ಮನೆಯವರಿಗೆ ಎರಡು ಸಲ ಹೇಳಿದಾಗ ಪ್ಲಂಬರನ್ನು ಕರೆಸುತ್ತೇವೆ ಎಂದಿದ್ದರು. ಆದರೆ ಇದುವರೆಗೆ ಯಾರೂ ಬಂದಿಲ್ಲ. ಈಗ ನೀರು ಸ್ವಿಚ್‌ಬೋರ್ಡಿನ ಹತ್ತಿರ ಇಳಿಯುತ್ತಿರುವುದರಿಂದ ಇನ್ನು ಕಾಯುವಂತಿಲ್ಲ. ಪ್ಲಂಬರ್ ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತಾರೆಂದು ತಿಳಿಸಿ, ನಾನು ಮನೆಯಲ್ಲಿರುತ್ತೇನೆ.”

ಕೋರಿಕೆ ಮೊದಲ ವಾಕ್ಯಕ್ಕೇ ಬಂತು. ಒಂದು ವಾಕ್ಯದಲ್ಲಿ 12 ಪದ, ಅದರ ಬೆನ್ನಿಗೆ ಮೂರೇ ಪದದ್ದು. ಎಲ್ಲವೂ ಒಂದೇ ಅಳತೆಯಲ್ಲಿಲ್ಲ, ಅದಕ್ಕೇ ಓದಲು ಹಿತ. “ನಾನು” ಎಂಬ ಪದ ಕೊನೆಯಲ್ಲಿ ಒಂದೇ ಸಲ ಬಂದಿದೆ. “ಕೋರುತ್ತೇನೆ” ಎಂದರೆ ಯಾರು ಎಂದು ಕನ್ನಡದಲ್ಲಿ ಕ್ರಿಯಾಪದವೇ ಹೇಳುತ್ತದೆ. ಈ ಸೌಲಭ್ಯ ಇಂಗ್ಲಿಷಿಗೆ ಇಲ್ಲ. ಅಲ್ಲಿ ಸಾಲು ಸಾಲಾಗಿ “ಐ” ಬರುತ್ತಿದ್ದರೆ ಕೆಲವನ್ನು “ದ ಪೈಪ್”, “ದ ವಾಟರ್” ಎಂದು ಶುರು ಮಾಡಿ. “ಅಪಾಯದ ಸಾಧ್ಯತೆ” ಎಂಬುದನ್ನು ಬಿಟ್ಟಿದ್ದೇನೆ. ನೀರು, ಸ್ವಿಚ್‌ಬೋರ್ಡ್ ಎಂದ ಮೇಲೆ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ಎಚ್ಚರಿಕೆ. ಕೊಂಡಿ ಬೇಕು ಎಂದು ಪ್ರತಿ ವಾಕ್ಯಕ್ಕೂ “ಹಾಗಾಗಿ, ಆದರೆ, ಮತ್ತು” ಅಂಟಿಸಿದರೆ ಪೂರ್ಣವಿರಾಮ ಹಾಕಿದ ಉದ್ದ ವಾಕ್ಯವೇ ಮತ್ತೆ ಬಂದಂತೆ. ಮೇಲಿನ ಇಮೇಲಿನಲ್ಲಿ “ಆದರೆ” ಒಂದೇ ಸಲ ಇದೆ, ಅದೂ ಮಾತು ನಿಜವಾಗಿ ತಿರುಗುವ ಕಡೆ. ಇನ್ನೊಂದು, “ಅವರು” ಎಂಬ ಪದ. “ಪ್ಲಂಬರ್ ಮನೆಯ ಮಾಲೀಕರ ಜೊತೆ ಮಾತಾಡಿದರು. ಅವರು ನಾಳೆ ಬರುತ್ತಾರೆ.” ಯಾರು ಬರುತ್ತಾರೆ? ಒಂದೇ ವಾಕ್ಯವಾಗಿದ್ದರೆ ಈ ಗೊಂದಲ ಇರುತ್ತಿರಲಿಲ್ಲ. ಒಡೆದಾಗ ಹುಟ್ಟಿತು. ಇಂಥಲ್ಲಿ ಸಂಕೋಚ ಬಿಟ್ಟು “ಪ್ಲಂಬರ್ ನಾಳೆ ಬರುತ್ತಾರೆ” ಎಂದೇ ಬರೆಯಿರಿ.

ಕಳಿಸುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿ. ಒಂದು ವಾಕ್ಯ ಮುಗಿಯುವ ಮೊದಲು ಉಸಿರು ಬೇಕಾದರೆ ಅದು ಇನ್ನೂ ಉದ್ದ ಇದೆ. ಮೂರು ವಾಕ್ಯ ಒಂದೇ ಪದದಿಂದ ಶುರುವಾದರೆ, ಅಥವಾ ಸತತ “ಇದೆ, ಇದೆ, ಇದೆ” ಎಂದು ಮುಗಿದರೆ ತುಂಡಾಗಿದೆ ಎಂದು ತಿಳಿಯಿರಿ. ಅವುಗಳಲ್ಲಿ ಎರಡನ್ನು ಸೇರಿಸಿ ನೋಡಿ, ಬಹುಪಾಲು ಅಷ್ಟರಲ್ಲೇ ಸರಿಹೋಗುತ್ತದೆ.

ಮನೆಗೆ ಹೋಗಿ ನಿಮ್ಮ ಸೆಂಟ್ ಮೇಲ್‌ನಿಂದ ಹಳೆಯದೊಂದನ್ನು ತೆಗೆದು, ಅದರಲ್ಲಿ ನಿಮ್ಮ ಕೋರಿಕೆ ಎಷ್ಟನೇ ಪದಕ್ಕೆ ಬಂದಿದೆ ಎಂದು ಎಣಿಸಿ ನೋಡಿ.