ಒಂದು ಸ್ಲೈಡು ಒಂಟಿಯಾಗಿ ಹೊರಟಾಗ

 

ಏಪ್ರಿಲ್ 14 ಬಂತು ಅಂದ್ರೆ ತೇನಿಯಿಂದ ದಿಂಡಿಗಲ್‌ವರೆಗೆ ನಮ್ಮ ಹುಡುಗರ ಫೋನ್‌ಗಳಲ್ಲಿ ಬಾಬಾಸಾಹೇಬರ ಮಾತುಗಳದ್ದೇ ಮೆರವಣಿಗೆ. ಇನ್‌ಸ್ಟಾಗ್ರಾಂನಲ್ಲಿ ಬೆರಳಿಂದ ಸರಿಸುತ್ತಾ ಒಂದರ ಹಿಂದೆ ಒಂದು ನೋಡುವ ಚಿತ್ರಸಾಲಿಗೆ ಕ್ಯಾರೊಸೆಲ್ ಅಂತಾರೆ, ನಿಮಗೆ ಗೊತ್ತೇ ಇದೆ. ಅದನ್ನು ಮಾಡುವಾಗ ನಾನೇ ಮಾಡಿದ ಒಂದು ತಪ್ಪನ್ನು ಇವತ್ತು ಹೇಳ್ತೀನಿ.

1949ರ ನವೆಂಬರ್ 25ರಂದು, ಸಂವಿಧಾನ ಅಂಗೀಕಾರವಾಗುವ ಹಿಂದಿನ ದಿನ, ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ಮಾತಾಡಿದರು. ಅದರಲ್ಲಿ ವ್ಯಕ್ತಿಪೂಜೆಯ ಬಗ್ಗೆ ಒಂದು ಭಾಗವಿದೆ. ಸಾರ ಮಾತ್ರ ಹೇಳ್ತೀನಿ: ಧರ್ಮದಲ್ಲಿ ಭಕ್ತಿ ಆತ್ಮದ ಬಿಡುಗಡೆಗೆ ದಾರಿ ಆಗಬಹುದು, ಆದರೆ ರಾಜಕೀಯದಲ್ಲಿ ಅದೇ ಭಕ್ತಿ ಅವನತಿಗೆ, ಕೊನೆಗೆ ಸರ್ವಾಧಿಕಾರಕ್ಕೆ ಕರೆದೊಯ್ಯುತ್ತದೆ. ನಾನು ಅಕ್ಷರ ದೊಡ್ಡದಾಗಿ ಕಾಣಲಿ ಅಂತ ಮೊದಲ ವಾಕ್ಯವನ್ನು ಒಂದು ಸ್ಲೈಡಿಗೆ, ಎರಡನೆಯದನ್ನು ಮುಂದಿನ ಸ್ಲೈಡಿಗೆ ಹಾಕಿದೆ. ಯಾರೋ ಮೊದಲನೆಯದನ್ನು ಮಾತ್ರ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದರು. ಬಾಬಾಸಾಹೇಬರೇ ಭಕ್ತಿಯನ್ನು ಹೊಗಳಿದ್ದಾರೆ ಅಂತ ಸಂಜೆಯೊಳಗೆ ಊರೆಲ್ಲ ಸುತ್ತಿತು! ಹಾಕಿದವರದ್ದು ತಪ್ಪಲ್ಲ. ಕತ್ತರಿಸಿದವನು ನಾನು.

ಅವತ್ತಿನಿಂದ ನನಗೆ ಒಂದು ಲೆಕ್ಕ ಸಿಕ್ತು. ಸ್ಲೈಡು ಒಂಟಿಯಾಗಿ ಪ್ರಯಾಣ ಮಾಡುತ್ತೆ. ಸ್ಕ್ರೀನ್‌ಶಾಟ್ ಬಿಡಿ, ಮೊದಲ ಸಲ ಸರಿಸದೆ ಹೋದವರಿಗೆ ಇನ್‌ಸ್ಟಾಗ್ರಾಂ ಕೆಲವೊಮ್ಮೆ ಎರಡನೇ ಸ್ಲೈಡನ್ನೇ ಮುಂದಿಡುತ್ತೆ. ಅಂಥವರಿಗೆ ನಿಮ್ಮ ಎರಡನೆಯದೇ ಮೊದಲನೆಯದು. ಹಾಗಾಗಿ ಜಾಗ ನೋಡಿ ಕತ್ತರಿಸಬೇಡಿ, ಅರ್ಥ ನೋಡಿ ಕತ್ತರಿಸಿ. ‘ಆದರೆ’, ‘ಆದ್ದರಿಂದ’ ಅಂತ ಶುರುವಾಗುವ ವಾಕ್ಯ ತನ್ನ ಹಿಂದಿನ ವಾಕ್ಯದ ಜೊತೆಯಲ್ಲೇ ಇರಬೇಕು. ಅಕ್ಷರ ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ. ಪರೀಕ್ಷೆ ಸುಲಭ: ಒಂದೊಂದೇ ಸ್ಲೈಡನ್ನು ಬಿಡಿಯಾಗಿ ಮನೆಯವರ ಕೈಗೆ ಕೊಟ್ಟು, ‘ಇದನ್ನ ಓದಿ ಏನು ಅರ್ಥ ಆಯ್ತು?’ ಅಂತ ಕೇಳಿ. ನಮ್ಮ ಅಕ್ಕ ಉಲ್ಟಾ ಅರ್ಥ ಹೇಳಿದಳು ಅಂದ್ರೆ ನಾನು ಮತ್ತೆ ಕತ್ತರಿಸ್ತೀನಿ.

ಅದೇ ಭಾಗವನ್ನು ಈಗ ಐದು ಸ್ಲೈಡಿನಲ್ಲಿ ಮಾಡಿದ್ದೇನೆ. ಮೊದಲನೆಯದರಲ್ಲಿ ಉದ್ಧರಣೆಯೇ ಇಲ್ಲ. ಯಾರು, ಎಲ್ಲಿ, ಯಾವತ್ತು, ಯಾವ ವಿಷಯ ಅಂತ ನಮ್ಮ ಮಾತಿನಲ್ಲೇ ಒಂದು ಸಾಲು. ಎರಡನೆಯದರಲ್ಲಿ ಎಷ್ಟೇ ದೊಡ್ಡ ಮನುಷ್ಯನ ಪಾದಕ್ಕೂ ಸ್ವಾತಂತ್ರ್ಯವನ್ನು ಅರ್ಪಿಸಬಾರದು ಅನ್ನುವ ಎಚ್ಚರಿಕೆ. ಇಲ್ಲಿ ನಿಲ್ಲಿ. ಅದು ಬಾಬಾಸಾಹೇಬರ ಸ್ವಂತ ಮಾತಲ್ಲ, ಜಾನ್ ಸ್ಟುವರ್ಟ್ ಮಿಲ್ ಅವರದ್ದು ಅಂತ ಅವರೇ ಹೆಸರು ಹೇಳಿ ಉಲ್ಲೇಖಿಸಿದ್ದಾರೆ. ಮೂರನೆಯದರಲ್ಲಿ ಬರುವ, ಕೃತಜ್ಞತೆಗೂ ಮಿತಿ ಇದೆ ಅನ್ನುವುದಕ್ಕೆ ಐರ್ಲೆಂಡಿನ ಡೇನಿಯಲ್ ಓ'ಕಾನೆಲ್ ಅವರ ಮಾತನ್ನು ಆಧಾರ ಕೊಟ್ಟಿದ್ದಾರೆ. ಸಭೆಯಲ್ಲಿ ಅಷ್ಟು ಪ್ರಾಮಾಣಿಕವಾಗಿ ಅವರು ಹೆಸರು ಹೇಳಿದರು, ನಾವು ಅಳಿಸಿ ಎಲ್ಲವನ್ನೂ ಅವರ ಫೋಟೋದ ಕೆಳಗೆ ಹಾಕ್ತೀವಿ! ಆ ಸ್ಲೈಡುಗಳ ಅಡಿಯಲ್ಲಿ ‘ಮಿಲ್ ಮಾತು, ಅಂಬೇಡ್ಕರ್ ಉಲ್ಲೇಖಿಸಿದ್ದು’, ‘ಓ'ಕಾನೆಲ್ ಮಾತು, ಅಂಬೇಡ್ಕರ್ ಉಲ್ಲೇಖಿಸಿದ್ದು’ ಅಂತ ಬರೆದರೆ ಸಾಕು. ನಾಲ್ಕನೆಯದರಲ್ಲಿ ಭಕ್ತಿಯ ಎರಡೂ ವಾಕ್ಯ ಒಟ್ಟಿಗೆ. ಐದನೆಯದರಲ್ಲಿ ಪೂರ್ತಿ ಆಕರ: ಸಂವಿಧಾನ ಸಭೆಯ ಚರ್ಚೆಗಳು, ಸಂಪುಟ 11, 25-11-1949. ಮಹಾರಾಷ್ಟ್ರ ಸರ್ಕಾರದ ಇಂಗ್ಲಿಷ್ ಸಂಪುಟಗಳಲ್ಲಾದರೆ 13ನೆಯದು.

ಆಕರವನ್ನು ಕೆಳಗಿನ ಕ್ಯಾಪ್ಶನ್‌ನಲ್ಲಿ ಹಾಕಿದ್ದೀನಲ್ಲ ಅಂತ ಕೆಲವರು ಕೇಳ್ತಾರೆ. ಚಿತ್ರ ವಾಟ್ಸಾಪ್‌ಗೆ ಹೋದಾಗ ಕ್ಯಾಪ್ಶನ್ ಹಿಂದೆಯೇ ಉಳಿದುಬಿಡುತ್ತೆ. ಅದಕ್ಕೇ ಪ್ರತಿ ಸ್ಲೈಡಿನ ಅಡಿಯಲ್ಲೂ ಸಣ್ಣ ಪಟ್ಟಿ: ಹೆಸರು, ಸಭೆ, ದಿನಾಂಕ, ಮತ್ತು 4/5 ಅಂತ ಸಂಖ್ಯೆ. ಆ ಸಂಖ್ಯೆ ನೋಡಿದವರಿಗೆ ಉಳಿದ ಭಾಗ ಇದೆ ಅಂತ ತಿಳಿಯುತ್ತೆ. ಮುಂದುವರಿದಿದೆ ಅನ್ನೋದಕ್ಕೆ ಮೂರು ಚುಕ್ಕಿ ಬೇಡ, ಬಾಣದ ಗುರುತು ಹಾಕಿ. ಮೂರು ಚುಕ್ಕಿ ಅಂದ್ರೆ ನಡುವೆ ಏನನ್ನೋ ಬಿಟ್ಟಿದ್ದೇವೆ ಅಂತ ಅರ್ಥ, ನಿಜವಾಗಿ ಬಿಟ್ಟಾಗ ಮಾತ್ರ ಅದನ್ನು ಬಳಸಬೇಕು.

ಇನ್ನು ಭಾಷೆ. ಅವತ್ತು ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ. ಕಂಬಂ ಕಣಿವೆಯಲ್ಲಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಅನ್ನುವ ಮನೆಗಳಿಗೆ ನಾವು ಕನ್ನಡದಲ್ಲಿ ಕೊಟ್ಟರೆ ಅದು ಅನುವಾದ. ಅನುವಾದ ಯಾರದ್ದು ಅಂತ ಹೇಳಬೇಕು. ನಾವೇ ಮಾಡಿದ್ದಾದರೆ ‘ಅನುವಾದ: ಸಂಘದ ಗೆಳೆಯರು’ ಅಂತ ಹಾಕಿ. ತಮಿಳು ಮಾತ್ರ ಓದೋ ತಮ್ಮಂದಿರಿಗೆ ತಮಿಳಿನದ್ದೇ ಬೇರೆ ಸಾಲು ಮಾಡಿ. ಒಂದೇ ಸ್ಲೈಡಿಗೆ ಎರಡೂ ಲಿಪಿ ತುರುಕಿದರೆ ಎರಡೂ ಓದಕ್ಕಾಗಲ್ಲ.

ಕನ್ನಡಕ್ಕೆ ಸಾಲಿನ ನಡುವಿನ ಜಾಗ ಇಂಗ್ಲಿಷಿಗಿಂತ ಜಾಸ್ತಿ ಬೇಕು, ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತೆ. ನಾನು ಅಕ್ಷರದ ಎತ್ತರದ ಒಂದೂವರೆ ಪಟ್ಟು ಇಡ್ತೀನಿ. ಕಳಿಸೋ ಮುಂಚೆ ‘ರಾಷ್ಟ್ರ’, ‘ಸ್ವಾತಂತ್ರ್ಯ’ ಈ ಎರಡು ಪದ ಸರಿಯಾಗಿ ಬಂದಿದೆಯಾ ನೋಡಿ. ಅದು ಒಡೆದಿದ್ದರೆ ನಿಮ್ಮ ಆ್ಯಪ್‌ಗೆ ಕನ್ನಡ ಜೋಡಿಸೋಕೆ ಬರ್ತಿಲ್ಲ ಅಂತ. ಬೇರೆ ಆ್ಯಪ್‌ನಲ್ಲಿ ಮಾಡಿ.

ಹೊಸ ಐದು ಸ್ಲೈಡು ನನ್ನ ಫೋನಿನಲ್ಲಿವೆ. ಊಟ ಆದ ಮೇಲೆ ಬನ್ನಿ, ನಾಲ್ಕನೆಯದನ್ನು ಮಾತ್ರ ತೋರಿಸ್ತೀನಿ. ಏನು ಅರ್ಥ ಆಯ್ತು ಅಂತ ನೀವೇ ಹೇಳಿ.