ಕಾಫಿ: ಹರೆಯದವರಿಗೆಷ್ಟು, ಹಿರಿಯರಿಗೆಷ್ಟು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆ ನಾವು ಮೊದಲಿನಿಂದಲೂ ಚಹಾದ ಮಂದಿ. ಕಾಫಿ ನಮ್ಮ ಮನೆಗಳಿಗೆ ಬಂದದ್ದು ಚಹಾದ ಬದಲಿಗಲ್ಲ, ಚಹಾದ ಜೊತೆಗೆ. ಆದ್ದರಿಂದ ಕಾಫಿಯ ಮಿತಿ ಕೇಳುವವರು ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕತಕ್ಕದ್ದು. ಕೆಫೀನ್ ಎಂಬ ಉತ್ತೇಜಕ ವಸ್ತು ಎರಡರಲ್ಲಿಯೂ ಇದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಸೂಚನೆಗಳಂತೆ, 150 ಮಿಲಿಲೀಟರಿನ ಒಂದು ಕಪ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ, ದಿಢೀರ್ ಕಾಫಿಯಲ್ಲಿ 50ರಿಂದ 65, ಪುಡಿ ಸೋಸಿ ಮಾಡಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ಹರೆಯದವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 3 ಮಿಲಿಗ್ರಾಂ ಸಾಕು. ಹನ್ನೆರಡು ವರ್ಷದೊಳಗಿನವರಿಗೆ ಬೇಡವೇ ಬೇಡ.

ಈಗ ಹತ್ತನೆಯ ಇಯತ್ತೆಯಲ್ಲಿ ಓದುವ 40 ಕಿಲೋ ತೂಕದ ಹುಡುಗಿಯನ್ನು ಎಣಿಸಿಕೊಳ್ಳಿ. ಆಕೆಯ ಮಿತಿ 120 ಮಿಲಿಗ್ರಾಂ. ಮುಂಜಾನೆ, ಸಂಜೆ ತೆಳು ಚಹಾ ಕುಡಿದರೆ ಸುಮಾರು 60 ಆಯಿತು. ಪರೀಕ್ಷೆಯ ಓದಿಗೆಂದು ರಾತ್ರಿ ಒಂಬತ್ತಕ್ಕೆ ಒಂದು ಕಪ್ ದಿಢೀರ್ ಕಾಫಿ ಕೊಟ್ಟರೆ ಮಿತಿ ಮುಟ್ಟಿತು. ಚಹಾ ಕಡಕ್ ಇದ್ದರೆ ದಾಟಿಯೇ ಹೋಯಿತು. ಅಷ್ಟೇ ಅಲ್ಲ, ಕುಡಿದ ಕೆಫೀನಿನ ಅರ್ಧ ಭಾಗ ಮೈಯಿಂದ ಇಳಿಯಲು ಸುಮಾರು ಐದಾರು ತಾಸು ಬೇಕು. ನಡುರಾತ್ರಿ ಮಲಗಿದರೂ ನಿದ್ದೆ ಹತ್ತುವುದಿಲ್ಲ, ನಿದ್ದೆಗೆಟ್ಟ ತಲೆಯಲ್ಲಿ ಓದಿದ್ದು ನಿಲ್ಲುವುದಿಲ್ಲ. ಕಾಫಿ ಕೊಡಲೇಬೇಕೆಂದರೆ ಒಂದು ಚಹಾ ಬಿಡಿಸಿ, ಮಧ್ಯಾಹ್ನ ಮೂರರೊಳಗೆ ಕೊಡಿ.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಮಾತು. ನಮ್ಮ ರೊಟ್ಟಿ, ಪಲ್ಯ, ಕಾಳುಗಳಲ್ಲಿರುವ ಕಬ್ಬಿಣಾಂಶ ರಕ್ತಕ್ಕೆ ಸೇರುವುದನ್ನು ಚಹಾ, ಕಾಫಿ ತಡೆಯುತ್ತವೆ. ಊಟಕ್ಕೆ ಒಂದು ತಾಸು ಮೊದಲು, ಒಂದು ತಾಸು ನಂತರ ಇವು ಬೇಡ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನೂ ನೀರಿನಲ್ಲಿಯೇ ನುಂಗಿಸಿ.

ಹಿರಿಯರಿಗೆ ಕಾಫಿ ವರ್ಜ್ಯವಲ್ಲ. ಆ ಸಂಸ್ಥೆಯು ದಿನಕ್ಕೆ 300 ಮಿಲಿಗ್ರಾಂ ದಾಟಬಾರದೆಂದು ಹೇಳಿದೆ. ಆದರೆ ವಯಸ್ಸಾದಂತೆ ನಿದ್ದೆ ತೆಳುವಾಗುವುದರಿಂದ, ಅರವತ್ತು ದಾಟಿದವರಿಗೆ ಕಾಫಿ, ಚಹಾ ಸೇರಿ ಮೂರು ಸಣ್ಣ ಕಪ್ ಸಾಕೆಂದು ನನ್ನ ಅಭಿಪ್ರಾಯ, ಕೊನೆಯದು ಮಧ್ಯಾಹ್ನದೊಳಗೆ. ಎದೆ ಡವಗುಟ್ಟಿದರೆ, ಕೈ ನಡುಗಿದರೆ, ಎದೆ ಉರಿದರೆ ಇನ್ನೂ ಇಳಿಸಿರಿ. ಎದೆಬಡಿತ ಮತ್ತೆ ಮತ್ತೆ ಏರಿದರೆ ವೈದ್ಯರಿಗೆ ತೋರಿಸಿರಿ. ರಕ್ತದೊತ್ತಡ ನೋಡಿಸಲು ಹೋಗುವ ಮೊದಲು ಅರ್ಧ ತಾಸು ಕಾಫಿ ಕುಡಿಯಬೇಡಿರಿ, ಲೆಕ್ಕ ತಪ್ಪಾಗಿ ಹೆಚ್ಚು ಬರುತ್ತದೆ. ಥೈರಾಯ್ಡ್ ಗುಳಿಗೆ ನುಂಗುವವರು ಅದನ್ನು ಬರೀ ನೀರಿನಲ್ಲಿ ನುಂಗಿ, ಒಂದು ತಾಸಿನ ನಂತರ ಕಾಫಿಗೆ ಕೈಹಾಕಲಿ.

ಬಹುದಿನದ ರೂಢಿಯನ್ನು ಒಮ್ಮೆಲೇ ಬಿಟ್ಟರೆ ಕೆಲವು ದಿನ ತಲೆ ಸಿಡಿಯುವುದುಂಟು. ಎರಡು ಮೂರು ದಿನಕ್ಕೊಮ್ಮೆ ಅರ್ಧ ಕಪ್‌ನಂತೆ ಇಳಿಸಿದರೆ ಆ ಕಾಟವಿಲ್ಲ.