ಬಚತ ಗಟದ ಲೆಕ್ಕದ ಪುಸ್ತಕ

(ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ನಮ್ಮ ಅಕ್ಕಲಕೋಟೆಯ ಕಡೆಯಲ್ಲಿ ಸ್ವಸಹಾಯ ಸಂಘಕ್ಕೆ ಬಚತ ಗಟವೆನ್ನುವುದು ರೂಢಿ. ಅದರ ಪುಸ್ತಕವನ್ನು ಎಷ್ಟೋ ಮನೆಗಳಲ್ಲಿ ಬರೆಯುವವರು ತಾಯಂದಿರಲ್ಲ, ನಮ್ಮ ಶಾಲೆಯ ಮಕ್ಕಳು. ಆದುದರಿಂದಲೇ ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಮೊದಲು ಬ್ಯಾಂಕಿನ ಖಾತೆ. ಇಂಥ ಗಟಗಳು ತಮ್ಮ ಹೆಸರಿನಲ್ಲಿಯೇ ಉಳಿತಾಯ ಖಾತೆ ತೆರೆಯಲು ರಿಜರ್ವ್ ಬ್ಯಾಂಕು 1993ರಲ್ಲಿಯೇ ಅನುಮತಿಯಿತ್ತಿದೆ. ಆದರೂ ಅಧ್ಯಕ್ಷೆಯ ಸ್ವಂತ ಖಾತೆಯಲ್ಲಿ ಹಣವಿಡುವ ಗಟಗಳು ಇನ್ನೂ ಉಂಟು. ನಾಳೆ ಆಕೆಗೆ ಏನಾದರೂ ಆದರೆ ಆ ಹಣ ಆಕೆಯ ವಾರಸುದಾರರ ಕೈಸೇರುವುದು. ಅದು ಗಟದ್ದೆನ್ನಲು ಬ್ಯಾಂಕಿನಲ್ಲಿ ಪುರಾವೆಯೇ ಇರದು. ಆದಕಾರಣ ಮೊದಲ ಸಭೆಯಲ್ಲಿಯೇ ಠರಾವು ಬರೆಯಬೇಕು: ಗಟದ ಹೆಸರೇನು, ಯಾವ ಶಾಖೆಯಲ್ಲಿ ಖಾತೆ, ಹಣ ತೆಗೆಯಲು ಯಾರ ಸಹಿ. ಒಬ್ಬರ ಸಹಿ ಸಾಲದು. ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ ಈ ಮೂವರಲ್ಲಿ ಇಬ್ಬರದಿರಲಿ. ಖಾತೆ ತೆರೆಯುವಾಗ ಪದಾಧಿಕಾರಿಗಳ ಗುರುತಿನ ಕಾಗದಗಳಿದ್ದರೆ ಸಾಕು. ಎಲ್ಲ ಸದಸ್ಯೆಯರದೂ ಬೇಕೆಂಬ ನಿಯಮವಿಲ್ಲ. ಪದಾಧಿಕಾರಿ ಬದಲಾದಾಗ ಹೊಸ ಠರಾವು, ಹೊಸ ಸಹಿ ಬ್ಯಾಂಕಿಗೆ ಹೋಗತಕ್ಕದ್ದು.

ಇನ್ನು ಲೆಕ್ಕ. ಹನ್ನೆರಡು ಜನರ ಗಟವೊಂದರಲ್ಲಿ ತಲೆಗೆ ತಿಂಗಳಿಗೆ 100 ರೂಪಾಯಿಯಂತೆ ಆರು ತಿಂಗಳಿಗೆ 7200 ಆಯಿತೆನ್ನಿ. ಒಬ್ಬ ತಾಯಿಗೆ ಹೊಲಿಗೆಯಂತ್ರಕ್ಕಾಗಿ 3000 ಸಾಲ ಕೊಟ್ಟರು. ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು, ಕಂತು 500. ಬ್ಯಾಂಕಿನಲ್ಲಿ 4000, ಕೈಯಲ್ಲಿ 200 ಉಳಿಯಿತು. ಏಳನೆಯ ಸಭೆಯಲ್ಲಿ ಉಳಿತಾಯ 1200, ಅಸಲು 500, ಬಡ್ಡಿ 60 ಬಂದವು. 1900 ಬ್ಯಾಂಕಿಗೆ ಹೋಯಿತು. ಈಗ ಸಾಲಬಾಕಿ 2500, ಬ್ಯಾಂಕಿನಲ್ಲಿ 5900, ಕೈಯಲ್ಲಿ 60, ಒಟ್ಟು 8460. ಇತ್ತ ಉಳಿತಾಯ 8400, ಗಳಿಸಿದ ಬಡ್ಡಿ 60, ಅದೂ 8460. ಎರಡೂ ಸರಿಹೊಂದಿದವು.

ಆದರೆ ಹೊಂದಿಕೆಯಾದ ಮಾತ್ರಕ್ಕೆ ನೆಮ್ಮದಿಯಿಂದಿರುವಂತಿಲ್ಲ. ನಮ್ಮ ವಿದ್ಯಾರ್ಥಿನಿಯೊಬ್ಬಳು ಆ 560ನ್ನೂ ಅಸಲಿಗೇ ಜಮಾ ಮಾಡಿದಳು. ಬಾಕಿ 2440 ಆಯಿತು, ಬಡ್ಡಿಯ ಅಂಕಣ ಬರಿದಾಯಿತು. ಕೂಡಿಸಿದರೆ ಎರಡೂ ಕಡೆ 8400! ಪುಸ್ತಕ ಸರಿಯಿದೆಯೆಂದೇ ಎಲ್ಲರೂ ನಂಬಿದರು. ಮೂರು ತಿಂಗಳ ತರುವಾಯ ಮತ್ತೊಬ್ಬಾಕೆ, “ನನ್ನ ಸಾಲದ ಬಡ್ಡಿ ಬೇರೆ ಬರೆದಿರಿ, ಆಕೆಯದೆಲ್ಲಿ?” ಎಂದು ಕೇಳಿದಾಗ ಜಗಳವೇ ಹತ್ತಿತು. ತಪ್ಪು ಹುಡುಗಿಯದಲ್ಲ, ಅಸಲು ಬೇರೆ, ಬಡ್ಡಿ ಬೇರೆಯೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರಲ್ಲಿ ನಾವೂ ಒಬ್ಬರು.

ಇಂಥ ತಪ್ಪನ್ನು ಒಟ್ಟು ಮೊತ್ತ ತೋರಿಸಿಕೊಡದು, ಒಬ್ಬೊಬ್ಬರ ಪಾಸುಪುಸ್ತಕ ತೋರಿಸುವುದು. ಕಂತು 500 ಆಗಿರುವಾಗ 3000ದ ಸಾಲದಲ್ಲಿ ಬಾಕಿ 2500, 2000, 1500 ಹೀಗೆಯೇ ಇಳಿಯಬೇಕು. 2440 ಕಂಡೊಡನೆ ಸಂಶಯಪಡಿರಿ. ಹಾಗೆಯೇ ಬಡ್ಡಿಯು ಉಳಿತಾಯದ ಅಂಕಣಕ್ಕೆ ಬಿದ್ದರೆ ಉಳಿದವರೆಲ್ಲರದು 700 ಇರುವಲ್ಲಿ ಒಬ್ಬಳದು ಮಾತ್ರ 760 ಆಗಿರುವುದು.

ಮಕ್ಕಳೇ, ಸಭೆ ಮುಗಿಯುವ ಮೊದಲು ಅಂದಿನ ಜಮಾ, ಖರ್ಚು, ಕೈಯಲ್ಲುಳಿದ ಹಣ ಇವನ್ನು ಗಟ್ಟಿಯಾಗಿ ಓದಿರಿ. ಓದುಬರಹ ಬಾರದ ತಾಯಿಯೂ ತನ್ನ ಕಂತೆಷ್ಟೆಂಬುದನ್ನು ಬಲ್ಲಳು. ಪುಸ್ತಕವನ್ನು ಮನೆಗೊಯ್ದು ನೆನಪಿನಿಂದ ಬರೆಯಬೇಡಿರಿ. ತಪ್ಪಿದ್ದರೆ ಕೆರೆದು ತಿದ್ದದೆ, ಒಂದು ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದುದನ್ನು ಬರೆದು ಕಾರ್ಯದರ್ಶಿಯ ಸಹಿ ಪಡೆಯಿರಿ.